ಮೊಬೈಲ್‌ನಲ್ಲಿ ದಾಖಲೆ ಸ್ಕ್ಯಾನ್ ಮಾಡಿ, ಗಾತ್ರ ಇಳಿಸಿ, ನಿಧಾನದ ನೆಟ್‌ವರ್ಕ್‌ನಲ್ಲಿ ಅಪ್‌ಲೋಡ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಮಲೆನಾಡಿನ ಹಳ್ಳಿ. ಟವರ್ ಇರುವುದು ಗುಡ್ಡದ ಆಚೆ. ಮಳೆಗಾಲದಲ್ಲಿ ಎರಡು ಕಡ್ಡಿ ಸಿಗ್ನಲ್ ಬಂದರೆ ಅದೇ ದೊಡ್ಡದು. ಭಾನುವಾರ ಊರಿನ ಮಕ್ಕಳು ಅಂಕಪಟ್ಟಿ, ಜಾತಿ-ಆದಾಯ ಪತ್ರ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಾರೆ. ಸ್ಕಾಲರ್‌ಶಿಪ್ ಅರ್ಜಿ, ಬ್ಯಾಂಕ್ ಪರೀಕ್ಷೆಯ ಅರ್ಜಿ, ಏನೇ ಇರಲಿ, ಸಿಕ್ಕಿಕೊಳ್ಳುವುದು ಮಾತ್ರ ಅಪ್‌ಲೋಡ್ ಮಾಡುವ ಜಾಗದಲ್ಲೇ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಫೋಟೋ 4 ಎಂಬಿ ಇದೆ. ಅರ್ಜಿಯಲ್ಲಿ 200 ಕೆಬಿ ಒಳಗೆ ಅಂತ ಕೇಳ್ತಾರೆ. ಅಷ್ಟು ಇಳಿಸಿದ ಮೇಲೆ ಓದೋಕೆ ಆಗುತ್ತಾ?

ಚೆನ್ನಾಗಿಯೇ ಆಗುತ್ತದೆ. 12 ಮೆಗಾಪಿಕ್ಸೆಲ್ ಕ್ಯಾಮೆರಾ ತೆಗೆಯುವ ಚಿತ್ರ 3000 ಅಗಲ, 4000 ಎತ್ತರ. ಅಂದರೆ 1 ಕೋಟಿ 20 ಲಕ್ಷ ಚುಕ್ಕಿಗಳು, ಪಿಕ್ಸೆಲ್ ಅನ್ನುವುದು ಇದಕ್ಕೇ. ಒಂದು ಎ4 ಹಾಳೆಯನ್ನು ಪರದೆಯ ಮೇಲೆ ಆರಾಮಾಗಿ ಓದಲು ಇಂಚಿಗೆ 150 ಚುಕ್ಕಿ ಇದ್ದರೆ ಸಾಕು. ಆ ಲೆಕ್ಕದಲ್ಲಿ ಇಡೀ ಹಾಳೆಗೆ 1240 ಅಗಲ, 1754 ಎತ್ತರ ಆಗುತ್ತದೆ. ಒಟ್ಟು ಸುಮಾರು 22 ಲಕ್ಷ ಚುಕ್ಕಿ. ಕ್ಯಾಮೆರಾ ಕೊಟ್ಟಿದ್ದರಲ್ಲಿ ಐದನೇ ಒಂದು ಭಾಗವೂ ಬೇಡ! ಉಳಿದದ್ದೆಲ್ಲ ನೀವು ಸುಮ್ನೆ ಹೊತ್ತು ಸಾಗಿಸುವ ಭಾರ.

ಓದಲು ಆಗದೇ ಹೋಗುವುದು ಗಾತ್ರ ಇಳಿಸಿದ್ದರಿಂದ ಅಲ್ಲ, ತಪ್ಪು ಕ್ರಮದಲ್ಲಿ ಇಳಿಸಿದ್ದರಿಂದ. ಮೊದಲು ಬೆಳಕು ಸರಿಮಾಡಿ. ಆಮೇಲೆ ಬೇಡದ ಅಂಚು ಕತ್ತರಿಸಿ. ಆಮೇಲೆ ಚುಕ್ಕಿಗಳನ್ನು ಕಡಿಮೆ ಮಾಡಿ. ಕ್ವಾಲಿಟಿಯನ್ನು ಮುಟ್ಟುವುದು ಕಟ್ಟಕಡೆಗೆ. ನಾನು ನೋಡಿದ ಹೆಚ್ಚಿನವರು ನೇರವಾಗಿ ಕ್ವಾಲಿಟಿಗೇ ಕೈ ಹಾಕುತ್ತಾರೆ. ಅಲ್ಲೇ ಅಕ್ಷರ ಹಾಳಾಗುತ್ತದೆ.

ಫೋಟೋ ತೆಗೆಯುವಾಗ ಏನು ನೋಡ್ಕೋಬೇಕು?

ಕಿಟಕಿ ಅಥವಾ ಜಗಲಿಯ ಹತ್ತಿರ ನೆಲದ ಮೇಲೆ ಹಾಳೆ ಇಡಿ. ಬೆಳಕು ಪಕ್ಕದಿಂದ ಬರಬೇಕು. ಬೆಳಕಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ತಲೆಯ ನೆರಳೇ ಅಂಕಪಟ್ಟಿಯ ಮೇಲೆ ಬೀಳುತ್ತದೆ. ನೇರ ಬಿಸಿಲು ಬೇಡ, ಫ್ಲ್ಯಾಶ್ ಕೂಡ ಬೇಡ.

ಹಾಳೆಯ ಕೆಳಗೆ ಕಪ್ಪು ಬಣ್ಣದ ಏನಾದರೂ ಹಾಸಿ. ನಮ್ಮ ಮನೆಯಲ್ಲಿ ಹಳೇ ಕಂಬಳಿ ಇದೆ, ಅದನ್ನೇ ಹಾಸುತ್ತೇನೆ. ಬಿಳಿ ಹಾಳೆ, ಕಪ್ಪು ಕಂಬಳಿ. ಸ್ಕ್ಯಾನ್ ಆ್ಯಪ್‌ಗೆ ಅಂಚು ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಬಿಳಿ ಟೈಲ್ಸ್ ಮೇಲೆ ಇಟ್ಟರೆ ಅದು ಹಾಳೆಯ ಅಂಚು ಬಿಟ್ಟು ಟೈಲ್ಸಿನ ಗೆರೆಯನ್ನೇ ಹಿಡಿದುಕೊಳ್ಳುತ್ತದೆ.

ಫೋನನ್ನು ಹಾಳೆಗೆ ತೀರಾ ಹತ್ತಿರ ತರಬೇಡಿ. ಈಗಿನ ಹಲವು ಫೋನುಗಳ ಮುಖ್ಯ ಕ್ಯಾಮೆರಾ ತುಂಬಾ ಹತ್ತಿರದಲ್ಲಿ ಫೋಕಸ್ ಆಗುವುದಿಲ್ಲ. ನಡುವೆ ಚೆನ್ನಾಗಿ ಕಂಡರೂ ಮೂಲೆಗಳು ಮಂಜಾಗುತ್ತವೆ. ಒಂದೂವರೆ ಅಡಿಯಷ್ಟು ಮೇಲೆ ಹಿಡಿದು, ಹಾಳೆಗೆ ಸಮಾನಾಂತರವಾಗಿ ಇಟ್ಟು, ಅಕ್ಷರದ ಮೇಲೆ ಒಮ್ಮೆ ಬೆರಳಿನಿಂದ ಒತ್ತಿ ಫೋಕಸ್ ಮಾಡಿ. ಕೈ ನಡುಗುತ್ತಿದ್ದರೆ ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಳ್ಳಿ. ತೆಗೆದ ಕೂಡಲೇ ಚಿತ್ರ ದೊಡ್ಡದು ಮಾಡಿ, ನಾಲ್ಕೂ ಮೂಲೆಯ ಅಕ್ಷರ ನೋಡಿ. ನಡುವೆ ನೋಡಿ ಬಿಟ್ಟುಬಿಡಬೇಡಿ.

ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದೇವೆ. ಹೊಳಪು ಬರ್ತಾ ಇದೆ.

ಹೊಳಪು ಅಂದರೆ ಬೆಳಕಿನ ಪ್ರತಿಬಿಂಬ. ಹಾಳೆಯನ್ನು ಹೊಳಪು ಬೀಳದ ಬೇರೆ ಜಾಗಕ್ಕೆ ಸರಿಸಿ, ಇಲ್ಲವೇ ಕಿಟಕಿಯಿಂದ ಎರಡು ಹೆಜ್ಜೆ ಒಳಗೆ ಬನ್ನಿ. ಮೋಡದ ದಿನ, ಸೂರಿನ ಕೆಳಗೆ ತೆಗೆದರೆ ತೊಂದರೆಯೇ ಇರುವುದಿಲ್ಲ. ತಲೆಯ ಮೇಲೆ ಟ್ಯೂಬ್‌ಲೈಟ್ ಇದ್ದರೆ ಆರಿಸಿ. ಹೊಳಪು ಬಿದ್ದ ಜಾಗದಲ್ಲಿ ಅಕ್ಷರ ದಾಖಲಾಗಿಯೇ ಇರುವುದಿಲ್ಲ, ಆಮೇಲೆ ಯಾವ ಎಡಿಟಿಂಗೂ ಅದನ್ನು ವಾಪಸ್ ತರುವುದಿಲ್ಲ.

ಯಾವ ಆ್ಯಪ್ ಒಳ್ಳೇದು?

ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಡ್ರೈವ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರಲ್ಲಿ ಸ್ಕ್ಯಾನ್ ಮಾಡುವ ಕ್ಯಾಮೆರಾ ಗುರುತು ಇದೆ. ಐಫೋನಿನಲ್ಲಿ ನೋಟ್ಸ್ ತೆರೆದು `Scan Documents` ಒತ್ತಿ. ಇಷ್ಟೇ ಸಾಕು. ವಾರೆಯಾಗಿ ತೆಗೆದ ಹಾಳೆಯನ್ನು ಇವು ನೇರ ಮಾಡುತ್ತವೆ, ಅಂಚು ಕತ್ತರಿಸುತ್ತವೆ. ಕ್ಯಾಮ್‌ಸ್ಕ್ಯಾನರ್ ಬಗ್ಗೆ ಇನ್ನೂ ಕೇಳುವವರಿದ್ದಾರೆ. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಅದೂ ಇತ್ತು. ಯಾರೋ ಕಳಿಸಿದ ಅದರ ಎಪಿಕೆ ಫೈಲ್ ಹಾಕಿಕೊಂಡು, ಅದರೊಳಗೆ ನಿಮ್ಮ ಆಧಾರ್ ಸ್ಕ್ಯಾನ್ ಮಾಡಬೇಡಿ.

ಕಪ್ಪು-ಬಿಳುಪು ಫಿಲ್ಟರ್ ಹಾಕಿದರೆ ಗಾತ್ರ ಕಡಿಮೆ ಆಗುತ್ತೆ ಅಲ್ವಾ? ಅದನ್ನೇ ಹಾಕಲಾ?

ಆಗುತ್ತದೆ. ಆದರೆ ಪ್ರಮಾಣಪತ್ರಕ್ಕೆ ಹಾಕಬೇಡಿ. ಪೂರ್ತಿ ಕಪ್ಪು-ಬಿಳುಪು ಮಾಡುವಾಗ ಆ್ಯಪ್ ಪ್ರತಿ ಚುಕ್ಕಿಯನ್ನೂ ಒಂದೋ ಕಪ್ಪು, ಇಲ್ಲವೇ ಬಿಳಿ ಅಂತ ತೀರ್ಮಾನ ಮಾಡಿಬಿಡುತ್ತದೆ. ಮಾಸಿದ ನೇರಳೆ ಬಣ್ಣದ ಸೀಲು ಇದ್ದರೆ ಅದು ಬಿಳಿಯ ಕಡೆ ಹೋಗಿ ಮಾಯವಾಗುತ್ತದೆ. ಪ್ರಿನ್ಸಿಪಾಲರ ನೀಲಿ ಸಹಿ ಅರ್ಧ ತುಂಡಾಗುತ್ತದೆ. ಪರಿಶೀಲನೆ ಮಾಡುವವರು ಹುಡುಕುವುದೇ ಅವೆರಡನ್ನು.

ಬಣ್ಣ ಉಳಿಸಿಕೊಂಡು ಹಿನ್ನೆಲೆಯನ್ನು ಮಾತ್ರ ಬೆಳ್ಳಗೆ ಮಾಡುವ ಫಿಲ್ಟರ್ ಇರುತ್ತದೆ, ಅದನ್ನು ಆರಿಸಿ. ಇದರಿಂದ ಗಾತ್ರವೂ ಚೆನ್ನಾಗಿ ಇಳಿಯುತ್ತದೆ. ಕಾರಣ ಇಷ್ಟೇ. ಜೆಪಿಜಿ ಚಿತ್ರವನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಸಣ್ಣ ಸಣ್ಣ ಚೌಕಗಳಾಗಿ ಮಾಡಿ ಬರೆದಿಡುತ್ತದೆ. ಒಂದೇ ಸಮನೆ ಬಿಳಿ ಇರುವ ಚೌಕಕ್ಕೆ ಹೆಚ್ಚೇನೂ ಜಾಗ ಬೇಡ. ನೆರಳು, ಸುಕ್ಕು, ಕಾಗದದ ಒರಟು, ಇವೆಲ್ಲ ಇರುವ ಚೌಕಕ್ಕೆ ಜಾಸ್ತಿ ಜಾಗ ಬೇಕು. ಹಾಗಾಗಿ ನೆರಳಿಲ್ಲದೆ ತೆಗೆದ ಫೋಟೋ ತಾನಾಗಿಯೇ ಚಿಕ್ಕದಾಗುತ್ತದೆ. ಬಣ್ಣ ತೆಗೆದು ಬೂದು ಮಾಡಿದರೆ ಅಷ್ಟೇನೂ ಜಾಗ ಉಳಿಯುವುದಿಲ್ಲ, ಏಕೆಂದರೆ ಜೆಪಿಜಿ ಬಣ್ಣವನ್ನು ಮೊದಲೇ ಒರಟಾಗಿ, ಕಡಿಮೆ ಜಾಗದಲ್ಲಿ ಇಟ್ಟುಕೊಂಡಿರುತ್ತದೆ.

ಒಂದು ಅಂಕಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸ್ತೀರಾ?

ಪಕ್ಕದ ಮನೆಯ ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ತೆಗೆದುಕೊಳ್ಳೋಣ. ಮಿತಿ 200 ಕೆಬಿ, ಜೆಪಿಜಿ ಮಾತ್ರ.

ಅವಳು ಮೊದಲು ತಂದ ಫೋಟೋ 3000 × 4000, ಗಾತ್ರ 4.2 ಎಂಬಿ. ಕಂಬಳಿಯ ಮೇಲೆ ಇಟ್ಟು ತೆಗೆದದ್ದು. ಆದರೆ ಕತ್ತರಿಸಿರಲಿಲ್ಲ. ಅದನ್ನೇ ಯಾವುದೋ ಆ್ಯಪಿಗೆ ಹಾಕಿ, 200 ಕೆಬಿ ಮಾಡು ಅಂತ ಒತ್ತಿದ್ದಳು. ಆ್ಯಪ್ ಹೇಳಿದ ಹಾಗೇ ಮಾಡಿತ್ತು. ಚುಕ್ಕಿಗಳು ಹಾಗೇ 3000 × 4000 ಇದ್ದವು, ಕ್ವಾಲಿಟಿ ಮಾತ್ರ ಪಾತಾಳಕ್ಕೆ ಇಳಿದಿತ್ತು. ಅಂಕಗಳ ಸುತ್ತ ಕೊಳಕು ಮೋಡದ ಹಾಗೆ ಕಲೆ. 8 ಯಾವುದು, 6 ಯಾವುದು ಗೊತ್ತಾಗುತ್ತಿರಲಿಲ್ಲ. ಇನ್ನೊಂದು ವಿಷಯ ಗಮನಿಸಿ. ಕಂಬಳಿಯ ಒಂದೊಂದು ಎಳೆಯೂ ಜೆಪಿಜಿಗೆ ಒಂದು ವಿವರವೇ. ಇದ್ದ 200 ಕೆಬಿಯಲ್ಲಿ ದೊಡ್ಡ ಪಾಲನ್ನು ಕಂಬಳಿಯೇ ತಿಂದುಹಾಕಿತ್ತು, ಅಂಕಪಟ್ಟಿಗೆ ಉಳಿದದ್ದು ಚೂರು.

ನಾವು ಮೂಲ ಫೋಟೋದಿಂದ ಮತ್ತೆ ಶುರು ಮಾಡಿದೆವು. ಹಾಳೆಯ ಅಂಚಿಗೆ ಸರಿಯಾಗಿ ಕತ್ತರಿಸಿದಾಗ 2400 × 3400 ಆಯಿತು. ಹಿನ್ನೆಲೆ ಬೆಳ್ಳಗಾಗುವ ಫಿಲ್ಟರ್ ಹಾಕಿದೆವು. ಆಮೇಲೆ ಬ್ರೌಸರಿನಲ್ಲಿ `squoosh.app` ತೆರೆದು, `Resize` ಗುರುತು ಮಾಡಿ, ಅಗಲ 1240 ಕೊಟ್ಟೆವು. ಎತ್ತರ ತಾನೇ ಹೊಂದಿಕೊಂಡಿತು. ಕೆಳಗೆ `MozJPEG` ಆರಿಸಿದರೆ ಕ್ವಾಲಿಟಿ 75 ಅಂತ ತೋರಿಸುತ್ತದೆ. ಆಗ ಗಾತ್ರ 260 ಕೆಬಿ ಬಂತು. ಅಂಕಪಟ್ಟಿಯ ಹಿನ್ನೆಲೆಯಲ್ಲಿ ಸಣ್ಣ ಗೆರೆಗಳ ಚಿತ್ತಾರ ಇತ್ತು ನೋಡಿ, ಅದಕ್ಕೇ ಇಷ್ಟು. ಕ್ವಾಲಿಟಿಯನ್ನು 60ಕ್ಕೆ ಇಳಿಸಿದಾಗ 180 ಕೆಬಿ ಆಯಿತು. ಅಲ್ಲಿಗೆ ನಿಲ್ಲಿಸಿದೆವು. ಅಂಕ, ಹೆಸರು, ನೋಂದಣಿ ಸಂಖ್ಯೆ, ಸೀಲು ಎಲ್ಲವೂ ಸ್ಪಷ್ಟ.

ನಿಮ್ಮ ಹಾಳೆಗೆ ಇದೇ ಅಂಕಿಗಳು ಬರುವುದಿಲ್ಲ. ಬರೀ ಅಕ್ಷರ ಇರುವ ಬಿಳಿ ಹಾಳೆ 75ರಲ್ಲೇ ಒಳಗೆ ಬರಬಹುದು. ಕ್ವಾಲಿಟಿ 50ಕ್ಕಿಂತ ಕೆಳಗೆ ಹೋಗಬೇಕು ಅನ್ನಿಸಿದರೆ ಹೋಗಬೇಡಿ, ಅದರ ಬದಲು ಅಗಲವನ್ನು 1240ರಿಂದ 1100ಕ್ಕೆ ಇಳಿಸಿ ನೋಡಿ. ಪ್ರತಿ ಸಲವೂ ಮೂಲ ಫೋಟೋದಿಂದಲೇ ಶುರು ಮಾಡಿ. ಇಳಿಸಿದ್ದನ್ನೇ ಮತ್ತೆ ಇಳಿಸಿದರೆ ಹಳೇ ಕಲೆಯ ಮೇಲೆ ಹೊಸ ಕಲೆ ಸೇರುತ್ತದೆ.

ಕಂಪ್ಯೂಟರಿನಲ್ಲಿ ಇಮೇಜ್‌ಮ್ಯಾಜಿಕ್ ಇದ್ದರೆ, ಕತ್ತರಿಸಿದ ಚಿತ್ರಕ್ಕೆ ಇದೇ ಕೆಲಸ ಒಂದೇ ಸಾಲಿನಲ್ಲಿ ಮುಗಿಯುತ್ತದೆ:

```
magick marks.jpg -auto-orient -resize "1240x1754>" -quality 60 marks_small.jpg
```

ಕನ್ನಡ ಅಕ್ಷರ ಸರಿಯಾಗಿ ಉಳಿದಿದೆಯಾ ಅಂತ ಹೇಗೆ ನೋಡೋದು?

ಒತ್ತಕ್ಷರ ನೋಡಿ. ಇದು ಇಂಗ್ಲಿಷ್ ಹಾಳೆಗೆ ಇಲ್ಲದ ಕಷ್ಟ. 12 ಪಾಯಿಂಟಿನ ಅಕ್ಷರ ಇಂಚಿಗೆ 150 ಚುಕ್ಕಿಯ ಲೆಕ್ಕದಲ್ಲಿ ಸುಮಾರು 25 ಚುಕ್ಕಿ ಎತ್ತರ ಇರುತ್ತದೆ. ಅದರ ಕೆಳಗಿನ ಒತ್ತು ಅದರ ಅರ್ಧ, ಅಂದರೆ 12 ಚುಕ್ಕಿ. ಇಂಚಿಗೆ 100 ಚುಕ್ಕಿಗೆ ಇಳಿಸಿದರೆ ಒತ್ತಿಗೆ ಉಳಿಯುವುದು ಎಂಟೇ ಚುಕ್ಕಿ. ಅಷ್ಟರಲ್ಲಿ ತ-ಒತ್ತು, ನ-ಒತ್ತು ಎಲ್ಲ ಒಂದೇ ಮುದ್ದೆ.

ಆಮೇಲೆ ದ ಮತ್ತು ಧ, ಡ ಮತ್ತು ಢ. ಇವುಗಳ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಪ ಮತ್ತು ಷ ಬೇರೆಯಾಗುವುದು ಒಳಗಿನ ಒಂದು ಗೆರೆಯಿಂದ. ಕ್ವಾಲಿಟಿ ಜಾಸ್ತಿ ಇಳಿಸಿದಾಗ ಮೊದಲು ಮುಚ್ಚಿಹೋಗುವುದು ಇವೇ. ಹೆಸರಿನಲ್ಲಿ ಇಂಥ ಅಕ್ಷರ ಇದ್ದರೆ ಅದನ್ನೇ ಹಿಡಿದು ಪರೀಕ್ಷೆ ಮಾಡಿ. ಫೋನಿನ ಪರದೆಯ ಮೇಲೆ ಹಾಳೆಯ ಅಗಲದ ಅರ್ಧ ಮಾತ್ರ ಕಾಣುವಷ್ಟು ದೊಡ್ಡದು ಮಾಡಿ. ನಿಮ್ಮ ಹೆಸರು ಗೊತ್ತಿಲ್ಲದ ಯಾರಾದರೂ ಅದನ್ನು ಓದಬೇಕು. ನೀವೇ ಓದಿದರೆ ನೆನಪಿನಿಂದ ಓದಿಬಿಡುತ್ತೀರಿ. ಕೈಬರಹದ ಹಳೇ ಪಹಣಿಯಾದರೆ ಕನ್ನಡ ಅಂಕಿ ೬ ಮತ್ತು ೯ ಎರಡನ್ನೂ ನೋಡಿ. ಅಂಥ ಹಾಳೆಗೆ ಇಂಚಿಗೆ 200 ಚುಕ್ಕಿ, ಅಂದರೆ ಅಗಲ 1650ರ ಆಸುಪಾಸು ಇಟ್ಟುಕೊಳ್ಳುವುದೇ ಒಳ್ಳೆಯದು.

ಆನ್‌ಲೈನಲ್ಲಿ 50 ಕೆಬಿಗೆ ಇಳಿಸಿಕೊಡೋ ಸೈಟುಗಳಿವೆಯಲ್ಲ, ಅವನ್ನು ಬಳಸಬಾರದಾ?

ನಿಧಾನದ ನೆಟ್‌ವರ್ಕ್ ಇರುವವರಿಗೆ ಅವು ಉಲ್ಟಾ ಕೆಲಸ. ಅಂಥ ಬಹಳಷ್ಟು ಸೈಟುಗಳಲ್ಲಿ ಇಳಿಸುವ ಕೆಲಸ ನಡೆಯುವುದು ಅವರ ಸರ್ವರಿನಲ್ಲಿ. ಅಂದರೆ ಮೊದಲು ನೀವು 4 ಎಂಬಿಯನ್ನು ಅಲ್ಲಿಗೆ ಅಪ್‌ಲೋಡ್ ಮಾಡಲೇಬೇಕು! ಯಾವ ಕಷ್ಟ ತಪ್ಪಿಸಿಕೊಳ್ಳಲು ಹೊರಟಿದ್ದೆವೋ ಅದೇ ಕಷ್ಟ. ಜೊತೆಗೆ ನಿಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್ ಯಾರದೋ ಯಂತ್ರಕ್ಕೆ ಹೋಗಿ ಕೂರುತ್ತವೆ. ಮೇಲೆ ಹೇಳಿದ ಸ್ಕ್ವೂಶ್ ಹಾಗಲ್ಲ, ಅದು ನಿಮ್ಮ ಫೋನಿನ ಒಳಗೇ ಕೆಲಸ ಮಾಡುತ್ತದೆ. ಸಿಗ್ನಲ್ ಇರುವಾಗ ಒಮ್ಮೆ ಪೂರ್ತಿ ತೆರೆದುಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ನಡೆಯುತ್ತದೆ. ಸ್ಯಾಮ್ಸಂಗ್ ಫೋನಿನ ಗ್ಯಾಲರಿಯಲ್ಲಿ ಎಡಿಟ್ ಒಳಗೆ ಮೂರು ಚುಕ್ಕಿ ಒತ್ತಿದರೆ `Resize` ಸಿಗುತ್ತದೆ, ಅದೂ ಸಾಕು.

ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ತಾನೇ ಚಿಕ್ಕದಾಗುತ್ತಲ್ಲ?

ಆಗುತ್ತದೆ. ಮಾಮೂಲಿ ಫೋಟೋ ಆಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಚುಕ್ಕಿಗೆ ಇಳಿಯುತ್ತದೆ. ಹಾಳೆ ಚಿತ್ರದ ತುಂಬಾ ಇದ್ದರೆ ಇದು ಇಂಚಿಗೆ 137 ಚುಕ್ಕಿ ಆಯಿತು. ಪರವಾಗಿಲ್ಲ, ಓದಬಹುದು. ಆದರೆ ಕತ್ತರಿಸದೆ ಕಳಿಸಿ ಆಮೇಲೆ ಕತ್ತರಿಸಿದರೆ ಹಾಳೆಗೆ ಉಳಿಯುವುದು 1000 ಚುಕ್ಕಿಯೋ ಏನೋ. ಹಾಗಾಗಿ ಕತ್ತರಿಸಿ ಆಮೇಲೆ ಕಳಿಸಿ.

ಇದಕ್ಕೆ ಇನ್ನೊಂದು ಮುಖ ಇದೆ. ಮಂಗಳೂರಲ್ಲೋ ಬೆಂಗಳೂರಲ್ಲೋ ಇರುವ ಅಣ್ಣ ಚೆನ್ನಾಗಿ ಸ್ಕ್ಯಾನ್ ಮಾಡಿ ಫೋಟೋ ಆಗಿ ಕಳಿಸಿದರೆ ಅದು ನಿಮಗೆ ತಲುಪುವಾಗಲೇ ಇಳಿದಿರುತ್ತದೆ. ಸರಿಯಾದ ಗಾತ್ರಕ್ಕೆ ತಂದ ಫೈಲನ್ನು `Document` ಆಗಿ ಕಳಿಸಲು ಹೇಳಿ. ಆಗ ಇದ್ದ ಹಾಗೇ ಬರುತ್ತದೆ.

ಐಫೋನಿನ ಫೋಟೋ ಅಪ್‌ಲೋಡೇ ಆಗ್ತಿಲ್ಲ. ಹೆಸರು ಬದಲಿಸಿ .jpg ಅಂತ ಮಾಡಿದೆ, ಆದರೂ ತಿರಸ್ಕಾರ.

ಅದು ಹೈಕ್ ಅನ್ನುವ ಬೇರೆ ಬಗೆಯ ಫೈಲು, ಕೊನೆಯಲ್ಲಿ `.heic` ಅಂತ ಇರುತ್ತದೆ. ಹೆಸರು ಬದಲಿಸಿದರೆ ಡಬ್ಬಿಯ ಚೀಟಿ ಬದಲಾಯಿತೇ ಹೊರತು ಒಳಗಿನ ಸಾಮಾನಲ್ಲ. ಸೆಟ್ಟಿಂಗ್ಸ್‌ನಲ್ಲಿ `Camera`, `Formats`, ಅಲ್ಲಿ `Most Compatible` ಆರಿಸಿ ಮತ್ತೆ ಫೋಟೋ ತೆಗೆಯಿರಿ.

ಬ್ಯಾಂಕ್ ಪರೀಕ್ಷೆಗೆ ಸಹಿ 10ರಿಂದ 20 ಕೆಬಿ ಇರಬೇಕಂತೆ. ನನ್ನದು 6 ಕೆಬಿ ಆಗಿಬಿಟ್ಟಿದೆ. ಚಿಕ್ಕದಾದರೆ ಒಳ್ಳೆಯದೇ ಅಲ್ವಾ?

ಅಲ್ಲ. ಕೆಳಗಿನ ಮಿತಿಯೂ ಮಿತಿಯೇ, 6 ಕೆಬಿಯನ್ನು ತಾಣ ವಾಪಸ್ ಕಳಿಸುತ್ತದೆ. ಐಬಿಪಿಎಸ್ ಸೂಚನೆಗಳಲ್ಲಿ ಫೋಟೋ 200 × 230 ಚುಕ್ಕಿ, 20ರಿಂದ 50 ಕೆಬಿ. ಸಹಿ 140 × 60 ಚುಕ್ಕಿ, 10ರಿಂದ 20 ಕೆಬಿ ಅಂತ ಇರುತ್ತದೆ. ಅರ್ಜಿ ಹಾಕುವಾಗ ಆ ವರ್ಷದ ಸೂಚನೆಯನ್ನು ಒಮ್ಮೆ ಓದಿಕೊಳ್ಳಿ. ಗಾತ್ರ ಕಡಿಮೆ ಬಂದರೆ ಕ್ವಾಲಿಟಿಯನ್ನು 90, 95ಕ್ಕೆ ಏರಿಸಿ. ಆಗಲೂ ಸಾಲದಿದ್ದರೆ ಚುಕ್ಕಿಗಳನ್ನು ಅದೇ ಅನುಪಾತದಲ್ಲಿ, 280 × 120 ಮಾಡಿ ನೋಡಿ.

ಸಹಿ ಹಾಕುವುದು ಬಿಳಿ ಹಾಳೆಯ ಮೇಲೆ, ಕಪ್ಪು ಇಂಕಿನಲ್ಲಿ. ಗೆರೆ ಎಳೆದ ನೋಟ್‌ಬುಕ್ ಹಾಳೆ ಬೇಡ. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಹಾಕಿದ ಸಹಿಯನ್ನು ಅವರು ಒಪ್ಪುವುದಿಲ್ಲ.

ನಾಡಕಚೇರಿಯ ಜಾತಿ-ಆದಾಯ ಪತ್ರದ ಪ್ರಿಂಟ್ ಇದೆ. ಅದನ್ನೂ ಸ್ಕ್ಯಾನ್ ಮಾಡಬೇಕಾ?

ಆ ಪತ್ರ ಪಿಡಿಎಫ್ ಆಗಿ ಸಿಗುವುದಾದರೆ ಸ್ಕ್ಯಾನ್ ಯಾಕೆ? ಅದನ್ನು ಪ್ರಿಂಟ್ ತೆಗೆದು, ಮತ್ತೆ ಫೋಟೋ ತೆಗೆದು, ಮತ್ತೆ ಇಳಿಸುವುದು ಮೂರು ಸಲ ಕೆಡಿಸಿದ ಹಾಗೆ. ಅಕ್ಷರಗಳೇ ಇರುವ ಪಿಡಿಎಫ್ ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ಡಿಜಿಲಾಕರ್‌ನಲ್ಲಿ ಸಿಗುವ ದಾಖಲೆಗೂ ಇದೇ ಮಾತು. ಅರ್ಜಿಯಲ್ಲಿ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಮಾತ್ರ ಕೇಳಿದ್ದರೆ ಸಂಖ್ಯೆ ತುಂಬಿ, ಅಷ್ಟಕ್ಕೇ ಬಿಡಿ.

ಪಾಸ್‌ಬುಕ್ಕಿನ ನಾಲ್ಕು ಪುಟ ಒಂದೇ ಪಿಡಿಎಫ್ ಮಾಡಿದೆ. 9 ಎಂಬಿ ಆಯ್ತು!

ಸ್ಕ್ಯಾನ್ ಮಾಡಿದ ಪಿಡಿಎಫ್ ಒಳಗಿರುವುದು ಜೆಪಿಜಿ ಚಿತ್ರಗಳೇ. ಚೀಲವನ್ನು ಎಷ್ಟು ಒತ್ತಿದರೂ ಒಳಗಿನ ಮೂಟೆ ಚಿಕ್ಕದಾಗಬೇಕಲ್ಲ? ನಾಲ್ಕೂ ಪುಟವನ್ನು ಮೊದಲು ಚಿತ್ರವಾಗಿ ಉಳಿಸಿ, ಒಂದೊಂದನ್ನೂ ಮೇಲಿನ ಹಾಗೆ ಇಳಿಸಿ, ಆಮೇಲೆ ಪಿಡಿಎಫ್ ಮಾಡಿ. ಪಾಸ್‌ಬುಕ್ ಎ4ಗಿಂತ ಸಣ್ಣದು, ಹಾಗಾಗಿ ಪುಟಕ್ಕೆ 1000 ಚುಕ್ಕಿ ಅಗಲ ಸಾಕು.

ಯೂಟ್ಯೂಬ್ ಓಡುತ್ತೆ, ಅಪ್‌ಲೋಡ್ ಮಾತ್ರ ಸುತ್ತುತ್ತಾ ಕೂರುತ್ತೆ. ಯಾಕೆ?

ಟವರ್ ದೊಡ್ಡ ದನಿಯಲ್ಲಿ ಮಾತಾಡುತ್ತದೆ, ನಿಮ್ಮ ಫೋನ್ ಪಿಸುಗುಡುತ್ತದೆ. 4ಜಿ ಫೋನ್ ಸಾಮಾನ್ಯವಾಗಿ ಗರಿಷ್ಠ 0.2 ವ್ಯಾಟಿನಲ್ಲಿ ಕಳಿಸುತ್ತದೆ, ಟವರಿನದು ಹತ್ತಾರು ವ್ಯಾಟ್. ಗುಡ್ಡ ಅಡ್ಡ ಇದ್ದರೆ ಬರುವುದು ಬರುತ್ತದೆ, ಹೋಗುವುದು ಸೊರಗುತ್ತದೆ. ಸೆಕೆಂಡಿಗೆ 100 ಕಿಲೋಬಿಟ್ ಹೋಗುತ್ತಿದೆ ಅಂದುಕೊಳ್ಳಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆ ಲೆಕ್ಕದಲ್ಲಿ 4.2 ಎಂಬಿ ಹೋಗಲು ಐದೂವರೆ ನಿಮಿಷ ಬೇಕು. 180 ಕೆಬಿಗೆ 15 ಸೆಕೆಂಡು. ಐದೂವರೆ ನಿಮಿಷದ ನಡುವೆ ಒಮ್ಮೆ ಸಿಗ್ನಲ್ ಹೋದರೆ ಬಹಳಷ್ಟು ಅರ್ಜಿ ತಾಣಗಳಲ್ಲಿ ಮತ್ತೆ ಮೊದಲಿನಿಂದ ಶುರು.

ಯಾರಿಗೂ ಹೊಳೆಯದ ಇನ್ನೊಂದು ಕಾರಣ ಇದೆ. ನೀವು ಫೋಟೋ ತೆಗೆದ ಕೂಡಲೇ ಗೂಗಲ್ ಫೋಟೋಸ್ ಅದನ್ನು ಬ್ಯಾಕಪ್ ಮಾಡಲು ಹೊರಡಬಹುದು. ಹತ್ತು ಸಲ ತೆಗೆದಿದ್ದರೆ ಹತ್ತು ಫೋಟೋ. ಇದ್ದ ಸಣ್ಣ ದಾರಿಯನ್ನೆಲ್ಲ ಅದೇ ತುಂಬಿಕೊಂಡಿರುತ್ತದೆ. ಬ್ಯಾಕಪ್ ನಿಲ್ಲಿಸಿ. ಎಲ್ಲ ಫೈಲುಗಳನ್ನೂ ಸಿದ್ಧ ಮಾಡಿ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡು ಆಮೇಲೆ ಲಾಗಿನ್ ಆಗಿ. ಲಾಗಿನ್ ಆಗಿ ಫೋಟೋ ತೆಗೆಯುತ್ತಾ ಕೂತರೆ ಸೆಷನ್ ಮುಗಿದುಹೋಗುತ್ತದೆ. ಹೆಸರು `sslc_marks.jpg` ಹೀಗೆ ಚಿಕ್ಕದಾಗಿರಲಿ. ಕನ್ನಡ ಅಕ್ಷರ, ಖಾಲಿ ಜಾಗ ಇರುವ ಹೆಸರನ್ನು ಕೆಲವು ತಾಣಗಳು ಒಪ್ಪುವುದಿಲ್ಲ. ನಾನಂತೂ ಬೆಳಿಗ್ಗೆ ಆರಕ್ಕೆ, ಬೇರೆಯವರು ನೆಟ್ ಬಳಸುವ ಮೊದಲೇ ಕೂರುತ್ತೇನೆ.

ಅಪ್‌ಲೋಡ್ ಆಯ್ತು ಅಂತ ಬಂತು. ತೆರೆದು ನೋಡಿದರೆ ಹಾಳೆ ಅಡ್ಡ ಮಲಗಿದೆ, ಇನ್ನೊಂದು ಅರ್ಧದಿಂದ ಕೆಳಗೆ ಬೂದು ಬಣ್ಣ.

ಎರಡೂ ಬೇರೆ ಬೇರೆ ತೊಂದರೆ. ಅಡ್ಡ ಮಲಗಿದ್ದು ಯಾಕೆಂದರೆ, ಫೋನ್ ಹೆಚ್ಚಾಗಿ ಚಿತ್ರವನ್ನು ತಿರುಗಿಸುವುದಿಲ್ಲ, ತಿರುಗಿಸಿ ತೋರಿಸು ಅಂತ ಒಂದು ಚೀಟಿ ಅಂಟಿಸುತ್ತದೆ. ಗ್ಯಾಲರಿ ಆ ಚೀಟಿ ಓದುತ್ತದೆ, ತಾಣ ಓದಿಲ್ಲ. ಚಿತ್ರವನ್ನು ಎಡಿಟ್‌ನಲ್ಲಿ ತೆರೆದು ಕತ್ತರಿಸಿ ಉಳಿಸಿದರೆ ಸಾಮಾನ್ಯವಾಗಿ ಚುಕ್ಕಿಗಳೇ ನೇರವಾಗುತ್ತವೆ. ಸರಿಹೋಗದಿದ್ದರೆ ಸ್ಕ್ವೂಶ್‌ಗೆ ಹಾಕಿ ಹೊರತೆಗೆದ ಫೈಲನ್ನೇ ಬಳಸಿ.

ಅರ್ಧ ಬೂದು ಅಂದರೆ ಫೈಲು ಪೂರ್ತಿ ಹೋಗಿಲ್ಲ, ನಡುವೆ ಕತ್ತರಿಸಿಹೋಗಿದೆ. ಜೆಪಿಜಿಯನ್ನು ಸಾಮಾನ್ಯವಾಗಿ ಮೇಲಿನಿಂದ ಕೆಳಗೆ ಬರೆಯುವುದರಿಂದ ಬಂದಷ್ಟು ಕಾಣುತ್ತದೆ, ಉಳಿದದ್ದು ಬೂದು. ಫೋನಿನಲ್ಲಿರುವ ಫೈಲು ತೆರೆದು ನೋಡಿ. ಅದು ಸರಿಯಿದ್ದರೆ ಅರ್ಜಿಯಲ್ಲಿ ಹಳೆಯದನ್ನು ತೆಗೆದು ಮತ್ತೆ ಹಾಕಿ. ಅಂತಿಮವಾಗಿ ಸಲ್ಲಿಸುವ ಬಟನ್ ಒತ್ತುವ ಮೊದಲೇ ಪ್ರತಿ ಫೈಲಿನ ಪಕ್ಕದ `View` ಒತ್ತಿ, ಕೊನೆಯ ಸಾಲಿನವರೆಗೂ ಇಳಿದು ನೋಡಿ. ಸೀಲು, ಸಹಿ ಹೆಚ್ಚಾಗಿ ಇರುವುದು ಅಲ್ಲೇ, ಹಾಳೆಯ ತಳದಲ್ಲಿ.